ರಾಯರ ಬೊಬ್ಬೆ ಮತ್ತು ಫಾಸ್ಟ್ ಲೈನು

ನಮ್ಮ ಮಹಡಿ ಮನೆಯ ರಾಯರು ಕ್ರಿಕೆಟ್ ನೋಡುವುದು ಕೇಬಲ್ ಟೀವಿಯಲ್ಲಿ, ನಾನು ನೋಡುವುದು ಮೊಬೈಲಿನಲ್ಲಿ. ಹೀಗಾಗಿ ಐಪಿಎಲ್ ಬಂತೆಂದರೆ ನನ್ನ ಪಾಲಿಗೆ ರಾಯರು ತ್ರಿಕಾಲಜ್ಞಾನಿ. ನನ್ನ ಪರದೆಯಲ್ಲಿ ಬೌಲರ್ ಇನ್ನೂ ಚೆಂಡನ್ನು ಪ್ಯಾಂಟಿಗೆ ಉಜ್ಜುತ್ತಿರುತ್ತಾನೆ, ಮೇಲಿನಿಂದ "ಅಯ್ಯೋ ಶನಿ!" ಎಂಬ ಬೊಬ್ಬೆ ಕೇಳುತ್ತದೆ. ನಮ್ಮವನು ಔಟಾದ ಎಂದು ತಿಳಿದುಕೊಂಡು, ಅವನು ಇನ್ನೂ ಔಟಾಗದೆ ಗ್ಲೌಸು ಸರಿಮಾಡಿಕೊಳ್ಳುವುದನ್ನು ನೋಡುತ್ತಾ ಕೂರುತ್ತೇನೆ. ಸಾವಿನ ಸುದ್ದಿ ಮೊದಲು ಬಂದು ಕಾಯಿಲೆ ಆಮೇಲೆ ಬಂದ ಹಾಗೆ.

ಈ ಸೇವೆಗೆ ರಾಯರು ಇದುವರೆಗೆ ಒಂದು ಪೈಸೆ ಕೇಳಿಲ್ಲ. ಅಕ್ಕನ ಮಗ ಶಿವು ಇದೇ ಸೇವೆಗೆ ತಿಂಗಳಿಗೆ 4,999 ರೂಪಾಯಿ ಕಟ್ಟಿದ್ದಾನೆ.

"ಮಾವ, ಇದು ಗ್ರೌಂಡಿಂದ ಡೈರೆಕ್ಟು. ಎಂಟು ಸೆಕೆಂಡ್ ಮುಂಚೆ ಬರತ್ತೆ" ಎಂದು ಟೆಲಿಗ್ರಾಂ ತೆರೆದು ತೋರಿಸಿದ. ಚಾನೆಲ್ಲಿನ ಹೆಸರಲ್ಲೇ 'ಫಾಸ್ಟ್' ಇತ್ತು, ಪಕ್ಕದಲ್ಲಿ ಎರಡು ರಾಕೆಟ್ಟು. ಹಣ ಕಟ್ಟುವ ಮೊದಲು ಅಡ್ಮಿನ್ ಮಹಾಶಯ ಫ್ರೀ ಡೆಮೊ ಕೊಟ್ಟಿದ್ದನಂತೆ. 4 ಅಂತ ಬಂತು, ಸ್ವಲ್ಪ ಹೊತ್ತಿಗೆ ಶಿವುವಿನ ಮೊಬೈಲಲ್ಲಿ ಬೌಂಡರಿ ಹೋಯಿತು. 0 ಅಂತ ಬಂತು, ಡಾಟ್ ಬಾಲು. W ಅಂತ ಬಂತು, ಸ್ಟಂಪು ಹಾರಿತು. ಹುಡುಗನ ಮೈಯೆಲ್ಲ ರೋಮಾಂಚನ. ಕೂಡಲೇ ಕ್ಯೂಆರ್ ಕೋಡು, ಕೂಡಲೇ ಪೇಮೆಂಟು.

"ಲೋ ಶಿವು, ಮೂರೂ ಬಾಲು ರಾಯರೂ ಹೇಳಿರ್ತಾರಲ್ಲೋ" ಎಂದೆ.

"ರಾಯರು ಗ್ರೌಂಡಲ್ಲಿ ಇಲ್ವಲ್ಲ ಮಾವ."

ಅಲ್ಲೇ ಇರುವುದು ಕೈಚಳಕ. ಡೆಮೊ ಓಡಿದ್ದು ಶಿವುವಿನ ಮೊಬೈಲಿನ ಎದುರು. ಅದನ್ನು ಸೋಲಿಸಲು ಗ್ರೌಂಡಿಗೆ ಹೋಗಬೇಕಾಗಿಯೇ ಇಲ್ಲ, ಒಂದು ಕೇಬಲ್ ಕನೆಕ್ಷನ್ ಸಾಕು. ಆಟದ ಚಿತ್ರ ನಮ್ಮ ಕೈಗೆ ಬರುವ ದಾರಿಯೇ ಹಾಗಿದೆ. ಕ್ಯಾಮೆರಾದಿಂದ ಹೊರಟದ್ದು ಉಪಗ್ರಹ ಹತ್ತಿ ಇಳಿದು ರಾಯರ ಟೀವಿಗೆ ಬರಲು ಐದೋ ಹತ್ತೋ ಸೆಕೆಂಡು ಹಿಡಿಯುತ್ತದೆ. ಮೊಬೈಲಿಗಾದರೆ ಅದನ್ನು ಕೆಲವು ಸೆಕೆಂಡುಗಳ ತುಂಡು ಮಾಡಿ ಕಳಿಸುತ್ತಾರೆ. ಆರಾರು ಸೆಕೆಂಡಿನ ತುಂಡು ಸಾಮಾನ್ಯ. ಮೊಬೈಲಿನ ಪ್ಲೇಯರ್ ಮೊದಲ ತುಂಡು ಬಂದ ತಕ್ಷಣ ತೋರಿಸುವುದಿಲ್ಲ. ಮದುವೆ ಮನೆಯಲ್ಲಿ ಪಂಕ್ತಿ ತುಂಬುವ ತನಕ ಬಡಿಸುವುದಿಲ್ಲವಲ್ಲ, ಹಾಗೆ ಎರಡು ಮೂರು ತುಂಡು ಕೂಡಿಟ್ಟುಕೊಂಡೇ ಶುರುಮಾಡುತ್ತದೆ. ಅಲ್ಲಿಗೇ 12ರಿಂದ 18 ಸೆಕೆಂಡು ಹೋಯಿತು. ಉಳಿದ ಪ್ರಯಾಣವೆಲ್ಲ ಸೇರಿದರೆ ಅರ್ಧ ನಿಮಿಷ ಆಚೀಚೆ. ಟಿ20ಯಲ್ಲಿ ಎರಡು ಎಸೆತಗಳ ನಡುವೆ ಸುಮಾರು 40 ಸೆಕೆಂಡು ಇರುವುದರಿಂದ, ನಾನು ಮೊಬೈಲಲ್ಲಿ ಸಿಕ್ಸರ್ ನೋಡಿ ಚಪ್ಪಾಳೆ ತಟ್ಟುವಾಗ ಚಿನ್ನಸ್ವಾಮಿಯಲ್ಲಿ ಬೌಲರ್ ಮುಂದಿನ ಎಸೆತಕ್ಕೆ ತಯಾರಾಗುತ್ತಿರುತ್ತಾನೆ. ನಾನು ನೋಡುವುದು ನೇರ ಪ್ರಸಾರವಲ್ಲ, ಒಂದು ಬಗೆಯ ತಿಥಿ.

ಬುಕ್ಕಿಗೆ ಈ ತಿಥಿಯ ಗೋಜಿಲ್ಲ. ಅವನ ಭಾವು ಬದಲಾಗುವುದು ಚಿತ್ರ ನೋಡಿಯಲ್ಲ. ಮೈದಾನದಲ್ಲೇ ಕೂತ ಸ್ಕೌಟ್ ಎಂಬ ಸಂಬಳದ ಮನುಷ್ಯ ಗುಂಡಿ ಒತ್ತುತ್ತಾನೆ, ಚಿತ್ರದ ಭಾರವಿಲ್ಲದ ಬರೀ ಅಂಕಿ ಒಂದೆರಡು ಸೆಕೆಂಡಿನಲ್ಲಿ ಬುಕ್ಕಿಯ ಕಂಪ್ಯೂಟರಿಗೆ ತಲಪುತ್ತದೆ. ಅದಕ್ಕಿಂತ ಮುಖ್ಯ ಸಂಗತಿ ಇನ್ನೊಂದಿದೆ. ಕ್ರಿಕೆಟ್ಟಿನಲ್ಲಿ ಬಾಗಿಲು ಹಾಕುವುದು ವಿಕೆಟ್ ಬಿದ್ದ ಮೇಲಲ್ಲ. ಬೌಲರ್ ಓಡಲು ಶುರುಮಾಡಿದಾಗಲೇ ಪರದೆಯ ಮೇಲೆ BALL RUNNING ಎಂದೋ SUSPENDED ಎಂದೋ ಬಂದು ಕೂರುತ್ತದೆ. ಎಸೆತ ಮುಗಿದು, ಅಂಕಿ ಬಂದು, ಹೊಸ ಭಾವು ಕೂತ ಮೇಲೆ ಮಾತ್ರ ಬಾಗಿಲು ತೆರೆಯುತ್ತದೆ. ಇಷ್ಟೂ ಸಾಲದೆಂದು, ಎಷ್ಟೋ ಕಡೆ ಆಟ ನಡೆಯುತ್ತಿರುವಾಗ ಕಟ್ಟಿದ ಬಾಜಿಯನ್ನು ಕೆಲವು ಸೆಕೆಂಡು ಹಿಡಿದಿಟ್ಟುಕೊಂಡು, ಅಷ್ಟರಲ್ಲಿ ಏನಾದರೂ ಆಗಿದ್ದರೆ ಅದನ್ನು ತಿರಸ್ಕರಿಸುತ್ತಾರೆ. ಅಡ್ಮಿನ್ನನ ಎಂಟು ಸೆಕೆಂಡು ನಿಜವೇ ಆಗಿದ್ದರೂ ಅದು ಬೀಗ ಹಾಕಿದ ಬಾಗಿಲಿನ ಮುಂದೆ ಎಂಟು ಸೆಕೆಂಡು ಮೊದಲು ಬಂದು ನಿಂತ ಹಾಗೆ.

ಆದರೆ ಶಿವು ಓದಿದ ಹುಡುಗ. "ಕೋರ್ಟ್‌ಸೈಡಿಂಗ್ ಅಂತ ಇದೆಯಲ್ಲ ಮಾವ, ಫಾರಿನ್ನಲ್ಲಿ ಅದರಲ್ಲೇ ದುಡ್ಡು ಮಾಡಿದ್ದಾರೆ" ಎಂದ.

ಇದೆ, ಸುಳ್ಳಲ್ಲ. 2014ರ ಜನವರಿಯಲ್ಲಿ ಮೆಲ್ಬರ್ನಿನ ಆಸ್ಟ್ರೇಲಿಯನ್ ಓಪನ್‌ನಲ್ಲಿ 22 ವರ್ಷದ ಒಬ್ಬ ಬ್ರಿಟಿಷ್ ಹುಡುಗ ಪ್ರೇಕ್ಷಕರ ನಡುವೆ ಕೂತು ಪ್ರತಿ ಪಾಯಿಂಟಿಗೂ ಗುಂಡಿ ಒತ್ತುತ್ತಿದ್ದ. ಗುಂಡಿ ಇದ್ದದ್ದು ಅವನ ಚಡ್ಡಿಯೊಳಗೆ, ಹೊಲಿಗೆ ಹಾಕಿ ಕೂರಿಸಿದ ಸಣ್ಣ ಯಂತ್ರದಲ್ಲಿ. ಟೆನಿಸ್ಸಿನಲ್ಲಿ ಅಧಿಕೃತ ಅಂಕ ಹೊರಡುವುದು ಅಂಪೈರ್ ಕುರ್ಚಿಯ ಮೇಲೆ ಕೂತು ತನ್ನ ಯಂತ್ರದಲ್ಲಿ ಒತ್ತಿದಾಗ. ಆತ ಬಾಯಲ್ಲಿ ಹೇಳಿ, ಆಮೇಲೆ ಬೆರಳು ಇಡುವಷ್ಟರಲ್ಲಿ ಚಡ್ಡಿಯ ಸಂಕೇತ ಅವನಿಗೆ ಸಂಬಳ ಕೊಡುವ ಬ್ರಿಟನ್ನಿನ ಕಂಪನಿಗೆ ಹೋಗಿರಬೇಕು. ಆಟವೇ ಹಾಗಿದೆ: ಪಾಯಿಂಟಿನ ನಡುವೆ ಸಣ್ಣ ಬಿಡುವು, ಎರಡೇ ಫಲಿತಾಂಶ, ಬಿಡುವಿನಲ್ಲಿ ತೆರೆದ ಮಾರುಕಟ್ಟೆ. ಪೊಲೀಸರು ಹಿಡಿದರು, ವಿಕ್ಟೋರಿಯಾ ರಾಜ್ಯದ ಹೊಸ ಕಾನೂನಿನಡಿ ಕೇಸು ಹಾಕಿದರು, ಮಾರ್ಚ್‌ನಲ್ಲಿ ಕೇಸು ಕೈಬಿಟ್ಟರು.

ಈಗ ಶಿವು ಗಮನಿಸಬೇಕಾದ್ದು ಚಡ್ಡಿಯನ್ನು. ಒಂದೆರಡು ಸೆಕೆಂಡಿನ ನಿಜವಾದ ಲಾಭ ಯಾರಿಗೆ ಇತ್ತೋ ಅವರು ಅದನ್ನು ಚಡ್ಡಿಯೊಳಗೆ ಹೊಲಿದುಕೊಂಡರು. ಆ ಕಂಪನಿ ತನ್ನದೇ ಹಣ, ತನ್ನದೇ ವ್ಯಾಪಾರಿಗಳನ್ನು ಇಟ್ಟುಕೊಂಡು, ಹುಡುಗರಿಗೆ ವಿಮಾನದ ಟಿಕೆಟ್ ಕೊಟ್ಟು ದೇಶ ಸುತ್ತಿಸುತ್ತಿತ್ತು. ಸಂಕೇತವನ್ನು ತಿಂಗಳಿಗೆ ಇಷ್ಟು ಎಂದು ಬೀದಿಯಲ್ಲಿ ಕೂಗಿ ಮಾರಲಿಲ್ಲ. ಮಾರಿದರೆ ಉಳಿಯುವುದೂ ಇಲ್ಲ: ಹಳೆಯ ಭಾವು ಬದಲಾಗದೆ ಉಳಿಯುವ ಆ ಒಂದು ಸೆಕೆಂಡಿನಲ್ಲಿ ಕಟ್ಟಲು ಸಿಗುವ ಹಣ ಇಷ್ಟೇ ಎಂದಿರುತ್ತದೆ, ಮೊದಲು ಕೈ ಹಾಕಿದವನಿಗೆ ಸಿಕ್ಕಿತು, ಎರಡನೆಯವನಿಗೆ ಹೊಸ ಭಾವು. ಶಿವುವಿನ ಚಾನೆಲ್ಲಿನಲ್ಲಿ ಹನ್ನೊಂದು ಸಾವಿರ ಸದಸ್ಯರು. ಹನ್ನೊಂದು ಸಾವಿರ ಜನಕ್ಕೆ ಒಟ್ಟಿಗೆ ಹೇಳುವ ಗುಟ್ಟಿಗೆ ನಮ್ಮೂರಲ್ಲಿ ಡಂಗುರ ಅನ್ನುತ್ತಾರೆ.

ನಮ್ಮ ದೇಶದವರೇನು ಕಮ್ಮಿ? 2021ರ ಐಪಿಎಲ್‌ನಲ್ಲಿ ದೆಹಲಿಯ ಕೋಟ್ಲಾ ಮೈದಾನದಲ್ಲಿ ಒಬ್ಬ ಸ್ವಚ್ಛತಾ ಕೆಲಸಗಾರ ಫೋನಿನಲ್ಲಿ ಎಸೆತದ ವರದಿ ಒಪ್ಪಿಸುತ್ತಿದ್ದನೆಂಬ ಶಂಕೆ ಬಂತು. ಭ್ರಷ್ಟಾಚಾರ ತಡೆ ಘಟಕದವರು ವಿಚಾರಿಸಲು ಹೋದರೆ ಎರಡು ಫೋನುಗಳನ್ನು ಅಲ್ಲೇ ಬಿಟ್ಟು ಓಡಿಹೋದ. ಟೀವಿಗಿಂತ ಕೆಲವು ಸೆಕೆಂಡು ಮುಂದಿರಲು ಮಾಡಿದ ಏರ್ಪಾಡು ಅದು. ಇದರಿಂದ ಎರಡು ಸಂಗತಿ ತಿಳಿಯುತ್ತದೆ. ಒಂದು, ಟೀವಿ ನೋಡಿ ಭಾವು ಹೇಳುವ ಬೀದಿಬದಿಯ ಬುಕ್ಕಿಯ ಎದುರು ಮಾತ್ರ ಈ ಆಟ ನಡೆದೀತು. ಇನ್ನೊಂದು, ಮೈದಾನದೊಳಗೆ ಹಾಗೆ ಕೂತವನು ಮೂರು ಓವರಾದ ಮೇಲೂ ಅಲ್ಲೇ ಇರುತ್ತಾನೆಂಬ ಖಾತ್ರಿ ಇಲ್ಲ. ಶಿವುವಿನ ಅಡ್ಮಿನ್ ಮಾತ್ರ ಒಂದೇ ಸಂಜೆ ಬೆಂಗಳೂರಿನ ಐಪಿಎಲ್, ಇಂಗ್ಲೆಂಡಿನ ಕೌಂಟಿ, ಎಲ್ಲಿಯದೋ ಟಿ10 ಮೂರಕ್ಕೂ 'ಗ್ರೌಂಡಿಂದ ಡೈರೆಕ್ಟು'. ಹನುಮಂತನಿಗೂ ಸಂಜೀವಿನಿ ತರಲು ಒಂದು ರಾತ್ರಿ ಬೇಕಾಯಿತು.

ನಿಜಕ್ಕೂ ಎಲ್ಲರಿಗಿಂತ ಮೊದಲು ಫಲಿತಾಂಶ ತಿಳಿಯಬೇಕೆಂದರೆ ಗುಜರಾತಿನ ಮೋಲಿಪುರದವರ ಹಾದಿ ಹಿಡಿಯಬೇಕು. 2022ರಲ್ಲಿ ಅಲ್ಲಿ ಹೊಲ ಬಾಡಿಗೆಗೆ ಹಿಡಿದು, ಕೂಲಿಯವರಿಗೆ ಪಂದ್ಯಕ್ಕೆ 400 ರೂಪಾಯಿ ಕೊಟ್ಟು, ಐಪಿಎಲ್ ತಂಡಗಳ ಅಂಗಿ ತೊಡಿಸಿ, ಇಂಟರ್‌ನೆಟ್ಟಿನಿಂದ ಇಳಿಸಿದ ಪ್ರೇಕ್ಷಕರ ಗದ್ದಲ ಸೇರಿಸಿ ಯೂಟ್ಯೂಬಿನಲ್ಲಿ ಬಿಟ್ಟರು. ರಷ್ಯಾದವರು ಕೂತು ಬಾಜಿ ಕಟ್ಟಿದರು. ಕಟ್ಟಿದ್ದು ಏನೆಂದು ನೋಡಿಕೊಂಡು ವಾಕಿಟಾಕಿಯಲ್ಲಿ ಅಂಪೈರಿಗೆ ಅಪ್ಪಣೆ, ಅಂಪೈರಿಂದ ಆಟಗಾರನಿಗೆ ಸೂಚನೆ. ಚೆಂಡು ಬೀಳುವ ಮೊದಲೇ ಸಿಕ್ಸರ್ ತೀರ್ಮಾನವಾಗಿರುತ್ತಿತ್ತು. ಪೊಲೀಸರು ಬರುವ ಹೊತ್ತಿಗೆ ಪಂದ್ಯಾವಳಿ ಕ್ವಾರ್ಟರ್ ಫೈನಲ್ ತಲಪಿತ್ತಂತೆ.

ಮಾತು ಸಾಕೆಂದು ಆವತ್ತು ರಾತ್ರಿ ನಾನೂ ಶಿವುವೂ ಪರೀಕ್ಷೆಗೆ ಕೂತೆವು. ಹಣ ಕಟ್ಟುವುದು ಬೇಡ, ಬರೀ ನೋಡೋಣ ಎಂದು ಕರಾರು. ಅವನ ಕೈಯಲ್ಲಿ ಚಾನೆಲ್ಲು, ನನ್ನ ಕೈಯಲ್ಲಿ ಬೆಟ್ಟಿಂಗ್ ಐಡಿಯ ಪರದೆ, ನಡುವೆ ಹಾಲಿನ ಲೆಕ್ಕದ ಪುಸ್ತಕ. ಎರಡು ಓವರ್, ಹನ್ನೆರಡು ಎಸೆತ. ಮೊಬೈಲ್ ಸ್ಟ್ರೀಮನ್ನು ನೋಡಲೇಬಾರದು. ಸಂದೇಶ ಬಂದ ಕ್ಷಣ ಭಾವು ತೆರೆದಿತ್ತೋ, ಬೀಗ ಬಿದ್ದಿತ್ತೋ, ಅಷ್ಟೇ ಬರೆಯುವುದು. ಒಂಬತ್ತು ಸಂದೇಶ ಬಂದಾಗ ಪರದೆಗೆ ಬೀಗ. ಎರಡು ಬಂದಾಗ ಬಾಗಿಲು ತೆರೆದಿತ್ತು, ಆದರೆ ಹೊಸ ಭಾವು ಆಗಲೇ ಕೂತಿತ್ತು. ಉಳಿದ ಒಂದರಲ್ಲಿ 6 ಎಂದು ಬಂತು, ಆದದ್ದು ಕ್ಯಾಚ್. ಶಿವು "ನೋಡಿ ಮಾವ, ತಪ್ಪು ಹೇಳಿದ" ಎನ್ನುವಷ್ಟರಲ್ಲಿ ಆ ಸಂದೇಶವೇ ಮಾಯ. ಟೆಲಿಗ್ರಾಂ ಚಾನೆಲ್ಲಿನಲ್ಲಿ ಅಳಿಸಿದ್ದಕ್ಕೆ ಕಲೆ ಉಳಿಯುವುದಿಲ್ಲ, ಮೊಬೈಲಿನಲ್ಲಿ ಸಮಯವೂ ನಿಮಿಷದ ಲೆಕ್ಕದಲ್ಲೇ ಕಾಣುವುದು. ನಾಳೆ ಚಾನೆಲ್ ತೆರೆದವನಿಗೆ ಹನ್ನೊಂದಕ್ಕೆ ಹನ್ನೊಂದೂ ಸರಿ.

ಹನ್ನೆರಡನ್ನೂ ಸಂದೇಶಕ್ಕಿಂತ ಮೊದಲೇ ಕೂಗಿದ್ದು ರಾಯರು.

"ಹಂಗಾದ್ರೆ ಅವನಿಗೇನು ಲಾಭ? ನಾನು ಸೋತರೆ ಚಾನೆಲ್ ಬಿಟ್ಟು ಹೋಗ್ತೀನಲ್ಲ" ಎಂದ ಶಿವು. ಐಡಿ ಎಲ್ಲಿ ಮಾಡಿಸಿದೆ ಎಂದು ಕೇಳಿದೆ. ಅಡ್ಮಿನ್ ಕೊಟ್ಟ ಲಿಂಕಿನಲ್ಲೇ, 'ಬೇರೆ ಕಡೆ ಫಾಸ್ಟ್ ಲೈನ್ ಕೆಲಸ ಮಾಡಲ್ಲ' ಎಂದಿದ್ದನಂತೆ. ಅಂಥ ಲಿಂಕಿನಿಂದ ಬಂದ ಗಿರಾಕಿ ಕಳೆದುಕೊಂಡ ಹಣದಲ್ಲಿ ಇಷ್ಟು ಪಾಲು ಎಂದು ಕರೆತಂದವನಿಗೆ ಕೊಡುವುದು ಈ ಧಂದೆಯ ಹಳೆಯ ಪದ್ಧತಿ. ಅಂದರೆ 4,999 ಬರೀ ಬಾಗಿಲು ಕಾಸು. ಶಿವು ಗೆದ್ದರೆ ಅಡ್ಮಿನ್ನಿಗೆ ನಷ್ಟ. ರೋಗಿ ಬದುಕಿದರೆ ಸಂಬಳ ಕಡಿತವಾಗುವ ವೈದ್ಯನ ಕೈಯಲ್ಲಿ ಹುಡುಗ ನಾಡಿ ಕೊಟ್ಟು ಕೂತಿದ್ದ. ಹಾಗೊಮ್ಮೆ ಗೆದ್ದರೂ ಆಟಕ್ಕಿಂತ ತಡವಾಗಿ ಕಟ್ಟಿದ್ದು ಎಂದು ಬಾಜಿ ರದ್ದು ಮಾಡುವ ಕರಾರು ಆ ಐಡಿಯ ನಿಯಮಗಳಲ್ಲೇ ಇತ್ತು. ಶಿವು ಅದನ್ನು ಓದದೆ ಟಿಕ್ ಹಾಕಿದ್ದ.

ಐಡಿಯಲ್ಲಿ ಉಳಿದ 20,000 ರೂಪಾಯಿ ತೆಗೆಯಲು ಹೋದರೆ ಮೊದಲು 'ಟ್ಯಾಕ್ಸ್' ಕಟ್ಟಬೇಕಂತೆ, ಅದೂ ಯಾರದೋ ವೈಯಕ್ತಿಕ ಯುಪಿಐಗೆ. 1930ಕ್ಕೆ ಫೋನ್ ಮಾಡೋ ಎಂದೆ. "ಏನಂತ ಹೇಳ್ಲಿ ಮಾವ?" ಎಂದು ತಲೆ ತಗ್ಗಿಸಿದ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು 2025ರ ಆಗಸ್ಟ್‌ನಲ್ಲೇ ಪಾಸು ಮಾಡಿದೆ. ಅದರ ಶಿಕ್ಷೆ ನಡೆಸುವವನಿಗೆ, ಜಾಹೀರಾತು ಕೊಡುವವನಿಗೆ, ಆಡಿದವನಿಗಲ್ಲ ಎಂದು ವಿವರಿಸಿದೆ. ಕೇಳಿಸಿಕೊಂಡ. ಆದರೆ ಅವನ ಹೆದರಿಕೆ ಜೈಲಿನದಲ್ಲ, ಅಕ್ಕನದು. ಅಡ್ಮಿನ್ನಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು.

ಹೇಗೋ ಒಪ್ಪಿಸಿ ಫೋನು ಕೈಗೆತ್ತಿಕೊಳ್ಳುವಷ್ಟರಲ್ಲಿ ಟಣ್ ಎಂದಿತು. ಹೊಸ ನಂಬರು: 'ಬೆಟ್ಟಿಂಗ್ ವಂಚನೆಯಲ್ಲಿ ಕಳೆದ ಹಣ 24 ಗಂಟೆಯಲ್ಲಿ ವಾಪಸ್ ಕೊಡಿಸುತ್ತೇವೆ. ಫೈಲಿಂಗ್ ಶುಲ್ಕ ಕೇವಲ 999.' ಕಳೆದುಕೊಂಡ ಸುದ್ದಿಯನ್ನು ಹುಡುಗ ಇನ್ನೂ ಅವರಮ್ಮನಿಗೇ ಹೇಳಿರಲಿಲ್ಲ.

"ಇದು ಪಕ್ಕಾ ಗ್ರೌಂಡಿಂದ ಡೈರೆಕ್ಟು ಮಾವ" ಎಂದು ಬ್ಲಾಕ್ ಒತ್ತಿದ. ಮಹಡಿಯಿಂದ ರಾಯರು ಬೊಬ್ಬೆ ಹೊಡೆದರು. ಪಂದ್ಯ ಸೋತಿದ್ದೆವು. ನನ್ನ ಮೊಬೈಲಲ್ಲಿ ಗೆಲುವಿಗೆ ಇನ್ನೂ ಒಂದು ಎಸೆತ ಬಾಕಿಯಿತ್ತು.