ಕೊನೇ ಡೇಟು ಯಾವಾಗ?

ನಲವತ್ತಾರರ ಹೆಂಗಸಿಗೆ ಮುಟ್ಟು ತಪ್ಪಿದರೆ ಆ ಸುದ್ದಿಯನ್ನು ಯಾರಿಗೆ ಹೇಳಬೇಕೆಂಬುದೇ ಮೊದಲ ಸಮಸ್ಯೆ. ಇಪ್ಪತ್ತಾರರಲ್ಲಾಗಿದ್ದರೆ ನಮ್ಮತ್ತೆ ತಾವೇ ಲೆಕ್ಕ ಹಾಕಿ ಬೀಗರಿಗೆ ಫೋನ್ ಮಾಡಿಬಿಡುತ್ತಿದ್ದರು. ಈಗ ಅದೇ ಅತ್ತೆ, "ನಿಂತ್ರೆ ಒಳ್ಳೇದೇ ಆಯ್ತಲ್ಲಮ್ಮ, ಹಬ್ಬಹುಣ್ಣಿಮೆಗೆ ಅಡ್ಡಿ ಇಲ್ಲ" ಎಂದು ಕಾಫಿ ಲೋಟ ಕೆಳಗಿಟ್ಟರು. ಪಕ್ಕದ ಮನೆಯಾಕೆ, "ನಮ್ಮ ಚಿಕ್ಕಮ್ಮಂಗೂ ಹೀಗೇ ಆಗಿತ್ತು" ಎಂದವರು, ಮುಂದೇನಾಯಿತೆಂದು ಹೇಳದೆ ಕುಕ್ಕರ್ ಕೂಗಿತೆಂದು ಒಳಗೆ ಹೋದರು.

ಅಷ್ಟರಲ್ಲಿ ನಮ್ಮ ಅಪಾರ್ಟ್‌ಮೆಂಟಿಗೆ ಒಂದು ಲ್ಯಾಬಿನವರು ಬಂದು, 'ಮಹಿಳಾ ಪ್ಯಾಕೇಜ್' ಎಂದು ರಿಯಾಯಿತಿ ದರದಲ್ಲಿ ಎಲ್ಲರ ರಕ್ತ ತೆಗೆದುಕೊಂಡು ಹೋದರು. ಸಂಜೆ ನನ್ನ ಮೊಬೈಲಿಗೆ ವರದಿ ಬಂತು. ಅದರಲ್ಲಿ ಪ್ರೊಲ್ಯಾಕ್ಟಿನ್ ಎಂಬುದು ದಪ್ಪ ಅಕ್ಷರದಲ್ಲಿ 62 ಎಂದಿತ್ತು. ಸುಮಾರು 25ರೊಳಗೆ ಇರಬೇಕಂತೆ. ಪ್ರೊಲ್ಯಾಕ್ಟಿನ್ ಎಂದರೆ ಹಾಲೂಡಿಸುವ ತಾಯಂದಿರಲ್ಲಿ ಏರುವ ಹಾರ್ಮೋನು. ಅದು ಏರಿದರೆ ಮುಟ್ಟು ನಿಲ್ಲುತ್ತದೆ. ನನ್ನ ಮಗಳು ಇಂಜಿನಿಯರಿಂಗ್ ಓದುತ್ತಿದ್ದಾಳೆ. ಅವಳ ಹಾಲಿನ ಲೆಕ್ಕ ಚುಕ್ತಾ ಆಗಿ ಯಾವ ಕಾಲವಾಯಿತು! ಮೊಬೈಲನ್ನೇ ಕೇಳಿದೆ. ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆ ಇರಬಹುದು ಎಂದಿತು. ಅಂದು ರಾತ್ರಿ ನಿದ್ದೆ ಬರಲಿಲ್ಲ. ನನ್ನ ರೇಷ್ಮೆ ಸೀರೆಗಳನ್ನು ಯಾರಿಗೆ ಯಾವುದು ಎಂದು ಮನಸ್ಸಿನಲ್ಲೇ ಹಂಚಿಬಿಟ್ಟೆ.

ಮರುದಿನ ಚೀಟಿಯಲ್ಲಿ ಪ್ರಶ್ನೆ ಬರೆದುಕೊಂಡು ಡಾಕ್ಟರಮ್ಮನ ಮುಂದೆ ಕೂತೆ. ನಾನು ಬಾಯಿ ತೆರೆಯುವ ಮೊದಲೇ ಅವರೇ ಕೇಳಿದರು: "ಕೊನೇ ಡೇಟು ಯಾವಾಗ?"

ಇದಕ್ಕೆ ತಯಾರಾಗಿಯೇ ಹೋಗಿದ್ದೆ. ಅಡುಗೆಮನೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನ ಎಲ್ಲಾ ಹಾಳೆಗಳ ಫೋಟೋ ಫೋನಿನಲ್ಲಿತ್ತು. ಅವರು ಹಿಗ್ಗಿಸಿ ನೋಡಿ, "ಮಾರ್ಚಲ್ಲಿ ಐದು ಸಲ ಆಗಿದೆಯಲ್ಲ?" ಎಂದು ಹೌಹಾರಿದರು. "ಅದು ಹಾಲಿನವನು ಬರದ ದಿನ, ಡಾಕ್ಟ್ರೇ. ಕೆಂಪು ಪೆನ್ನಿನ ಸೊನ್ನೆ ಮಾತ್ರ ನಂದು. ನೀಲಿ ಸೊನ್ನೆ ಸಿಲಿಂಡರ್." ಹಾಲು, ಸಿಲಿಂಡರು ಕಳೆದ ಮೇಲೆ ಉಳಿದದ್ದನ್ನು ಅವರು ಬರೆದುಕೊಂಡರು. ಮೊದಲೆಲ್ಲ 28 ದಿನಕ್ಕೊಮ್ಮೆ, ಹೋದ ವರ್ಷ 24ಕ್ಕೇ ಓಡಿ ಬರುತ್ತಿತ್ತು, ಆಮೇಲೆ 50, ಈಗ 80 ದಿನವಾದರೂ ಸುಳಿವಿಲ್ಲ. "ಮುಟ್ಟು ನಿಲ್ಲೋ ಕಾಲಕ್ಕೆ ಹೀಗೇ. ಸಾಮಾನ್ಯವಾಗಿ ಮೊದಲು ಹತ್ತಿರ ಹತ್ತಿರ, ಆಮೇಲೆ ದೂರ ದೂರ. ಈ ಕ್ಯಾಲೆಂಡರು ನಿಮ್ಮ ಪ್ಯಾಕೇಜಿಗಿಂತ ಜಾಸ್ತಿ ಹೇಳುತ್ತೆ" ಎಂದರು. ಒಂದು ಮಗ್ಗಿ ಪುಸ್ತಕದಷ್ಟು ಬೆಲೆಯೂ ಇಲ್ಲದ ಆ ಹಾಳೆಗಳ ಮೇಲೆ ನನಗೆ ಗೌರವ ಹುಟ್ಟಿತು.

"ಹಾಗಾದ್ರೆ ನಿಂತೇ ಹೋಯ್ತಾ?"

"ಅದು ಹಿಂತಿರುಗಿ ನೋಡಿದಾಗ ಮಾತ್ರ ಗೊತ್ತಾಗೋದು. ಪೂರ್ತಿ 12 ತಿಂಗಳು ಕಾಣದೇ ಇದ್ರೆ ನಿಂತಿದೆ ಅಂತ. ಹನ್ನೊಂದನೇ ತಿಂಗಳು ಬಂತೋ, ಲೆಕ್ಕ ಮತ್ತೆ ಒಂದರಿಂದ."

"ಅದಕ್ಕೊಂದು ಟೆಸ್ಟ್ ಇದೆಯಂತಲ್ಲ, ಎಫ್‌ಎಸ್‌ಎಚ್?"

ಇದೆ, ಆದರೆ ನನಗೆ ಬೇಡವಂತೆ. ಈ ವಯಸ್ಸಿನಲ್ಲಿ ಅಂಡಾಶಯ ಒಂದು ತಿಂಗಳು ಕೆಲಸ ಮಾಡುತ್ತದೆ, ಇನ್ನೊಂದು ತಿಂಗಳು ಮಾಡುವುದಿಲ್ಲ. ಸುಮ್ಮನಿದ್ದ ತಿಂಗಳು ಎಫ್‌ಎಸ್‌ಎಚ್ ಏರಿ ಕೂರುತ್ತದೆ, ಎಚ್ಚೆತ್ತ ತಿಂಗಳು ಇಳಿಯುತ್ತದೆ. ಇಂದಿನ ಸಂಖ್ಯೆ ಇಂದಿಗೆ ಮಾತ್ರ. 45 ದಾಟಿದವರಿಗೆ ವಯಸ್ಸು ಮತ್ತು ಲಕ್ಷಣವೇ ಸಾಕು. 40ಕ್ಕೆ ಮೊದಲೇ ಮುಟ್ಟು ತಪ್ಪತೊಡಗಿದರೆ ಮಾತ್ರ ಆ ಪರೀಕ್ಷೆ ಬೇಕೇ ಬೇಕು. ಅಗತ್ಯಬಿದ್ದರೆ ಕೆಲವು ವಾರ ಬಿಟ್ಟು ಇನ್ನೊಮ್ಮೆ.

"ಮೊದಲು ಯೂರಿನ್ ಟೆಸ್ಟ್ ಮಾಡೋಣ" ಎಂದರು. ಸಕ್ಕರೆಗೆ ಇರಬೇಕೆಂದುಕೊಂಡೆ. ನರ್ಸ್ ಹುಡುಗಿ ಪುಟ್ಟ ಡಬ್ಬಿ ಹಿಡಿದು, ಹೊರಗೆ ಪೇಪರ್ ಓದುತ್ತಿದ್ದ ನಮ್ಮವರಿಗೂ ಅವರ ಆಚೀಚೆಯವರಿಗೂ ಕೇಳುವಂತೆ, "ಪ್ರೆಗ್ನೆನ್ಸಿ ಟೆಸ್ಟ್, ಬನ್ನಿ ಆಂಟಿ!" ಎಂದು ಕೂಗಿದಳು. ಆಂಟಿ ಎನ್ನುತ್ತಲೇ ಪ್ರೆಗ್ನೆನ್ಸಿ ಎನ್ನುವ ಧೈರ್ಯ ಇಂಥ ಜಾಗದಲ್ಲಿ ಮಾತ್ರ ಸಾಧ್ಯ. ನಮ್ಮವರು ಪೇಪರನ್ನು ಮುಖದ ಮೇಲಕ್ಕೆತ್ತಿದರು. ಫಲಿತಾಂಶ ನೆಗೆಟಿವ್. ಇದನ್ನು ಯಾವ ವಯಸ್ಸಿಗೂ ಬಿಡುವಂತಿಲ್ಲವಂತೆ. ಅಂಡಾಶಯ ಯಾವ ತಿಂಗಳು ಎಚ್ಚೆತ್ತೀತೆಂದು ಹೇಳಲಾಗದು. ಆದ್ದರಿಂದ 50ರೊಳಗೆ ಮುಟ್ಟು ನಿಂತರೆ ಆಮೇಲೂ ಎರಡು ವರ್ಷ, 50ರ ನಂತರ ನಿಂತರೆ ಒಂದು ವರ್ಷ ಗರ್ಭನಿರೋಧಕ ಬೇಕೆಂದು ಡಾಕ್ಟರಮ್ಮ ಬಾಗಿಲು ತೆರೆದಿದ್ದಂತೆಯೇ ಹೇಳಿದರು. ಪೇಪರು ಇನ್ನಷ್ಟು ಮೇಲೇರಿತು.

ಇನ್ನು ನನ್ನ ಗಡ್ಡೆ. 62 ಎಂಬ ಸಂಖ್ಯೆ ತೋರಿಸಿ, "ಸ್ಕ್ಯಾನಿಂಗು ತಲೆಗೆ ಯಾವತ್ತು?" ಎಂದೆ. "ದಿನಾ ಏನು ಮಾತ್ರೆ ತಗೋತೀರ?" ಎಂದು ಕೇಳಿದರು. ಮಾತ್ರೆ ಎಂದರೆ ಡಾಕ್ಟರು ಬರೆದದ್ದು ಎಂಬುದು ನಮ್ಮ ಮನೆಯ ವ್ಯಾಖ್ಯಾನ. "ಏನೂ ಇಲ್ಲ" ಎಂದೆ. ಅವರಿಗೆ ನಮ್ಮಂಥವರು ಹೊಸಬರಲ್ಲ. "ಪರ್ಸ್ ತೆಗೀರಿ" ಎಂದರು. ಮೇಜಿನ ಮೇಲೆ ಬಿದ್ದದ್ದು: ಬಸ್ ಟಿಕೆಟ್ಟು, ಒಣಗಿದ ಮಂತ್ರಾಕ್ಷತೆ, ಗ್ಯಾಸಿನ ಮಾತ್ರೆಯ ಪಟ್ಟಿ, ಕೂದಲು ಉದುರದಿರಲೆಂದು ತಂಗಿ ಕೊಟ್ಟ ಮಾತ್ರೆಯ ಪಟ್ಟಿ.

ಗ್ಯಾಸಿನ ಮಾತ್ರೆಯ ಹಿಂಬದಿಯ ಸಣ್ಣ ಅಕ್ಷರ ಓದಿದರು. ಪ್ಯಾಂಟೊಪ್ರಜೋಲ್ ಜೊತೆಗೆ ಡಾಂಪೆರಿಡೋನ್. "ಈ ಡಾಂಪೆರಿಡೋನ್ ಇದೆಯಲ್ಲ, ಇದು ಪ್ರೊಲ್ಯಾಕ್ಟಿನ್ ಏರಿಸುತ್ತೆ. ಥೈರಾಯ್ಡ್ ಕಡಿಮೆ ಇದ್ರೂ ಏರುತ್ತೆ, ಸೂಜಿಯ ಹೆದರಿಕೆಗೂ ಸ್ವಲ್ಪ ಏರುತ್ತೆ. ಇವನ್ನೆಲ್ಲ ಕಳೆದು ಆಮೇಲೆ ತಲೆಗೆ ಹೋಗೋಣ." ಕೂದಲಿನ ಮಾತ್ರೆಯಲ್ಲಿ ಬಯೋಟಿನ್ ಇತ್ತು. ಅದು ಥೈರಾಯ್ಡಿಗೇನೂ ಮಾಡುವುದಿಲ್ಲ, ಕೆಲವು ಲ್ಯಾಬಿನ ಪರೀಕ್ಷೆಯನ್ನೇ ದಾರಿ ತಪ್ಪಿಸಿ ಟಿಎಸ್‌ಎಚ್ ಅನ್ನು ಸುಳ್ಳೇ ಕಡಿಮೆ ತೋರಿಸುತ್ತದಂತೆ. ಎರಡನ್ನೂ ಮೂರು ದಿನ ನಿಲ್ಲಿಸಿ, ಆಮೇಲೆ ಬೆಳಿಗ್ಗೆ ಎದ್ದ ತಕ್ಷಣ ಅಲ್ಲದೆ ಒಂದೆರಡು ಗಂಟೆ ಬಿಟ್ಟು, ಸ್ವಲ್ಪ ಹೊತ್ತು ಸುಮ್ಮನೆ ಕೂತು ರಕ್ತ ಕೊಡಬೇಕೆಂದರು. ಮನಸ್ಸಿನ ಕಾಯಿಲೆಯ ಕೆಲವು ಮಾತ್ರೆಗಳೂ ಪ್ರೊಲ್ಯಾಕ್ಟಿನ್ ಏರಿಸುತ್ತವೆ, ಆದರೆ ಅವನ್ನು ಬರೆದುಕೊಟ್ಟವರನ್ನು ಕೇಳದೆ ಯಾರೂ ನಿಲ್ಲಿಸಬಾರದು ಎಂದೂ ಸೇರಿಸಿದರು.

ಮೂರು ದಿನದ ಹೊಟ್ಟೆಯುಬ್ಬರ ಸಹಿಸಿ ರಕ್ತ ಕೊಟ್ಟೆ. ಪ್ರೊಲ್ಯಾಕ್ಟಿನ್ 17. ಟಿಎಸ್‌ಎಚ್ ಸರಿಯಾಗಿತ್ತು. ಹಂಚಿದ್ದ ಸೀರೆಗಳನ್ನೆಲ್ಲ ವಾಪಸು ಪಡೆದೆ. "ಹಾಗಾದ್ರೆ ಮುಟ್ಟು ತಪ್ಪಿದ್ದು ಗ್ಯಾಸಿನ ಮಾತ್ರೆಯಿಂದಲೋ ವಯಸ್ಸಿಂದಲೋ?" ಎಂದರೆ, "ಎರಡೂ ಇರಬಹುದು. ಕ್ಯಾಲೆಂಡರೇ ಹೇಳಬೇಕು" ಎಂದರು.

ತಲೆಯ ಸ್ಕ್ಯಾನಿಂಗು ತಪ್ಪಿದರೂ ಗರ್ಭಕೋಶದ್ದು ತಪ್ಪಲಿಲ್ಲ. ಅದಕ್ಕೆ ಒಂದು ಲೀಟರ್ ನೀರು ಕುಡಿದು ಬರಲು ಹೇಳಿದ್ದರು. ಕುಡಿದು ಬಂದೆ, ಸ್ಕ್ಯಾನಿಂಗ್ ಡಾಕ್ಟರು ಬರಲಿಲ್ಲ. ಆ ಕಾಯುವಿಕೆಯನ್ನು ವರ್ಣಿಸಲಾರೆ. ಕೊನೆಗೆ ಹೊಟ್ಟೆಯ ಮೇಲೆ ನೋಡಿ ಮುಗಿಸಿ, "ಈಗ ಹೋಗಿ ಬನ್ನಿ, ಒಳಗಿಂದ ನೋಡ್ಬೇಕು, ಖಾಲಿ ಇರಬೇಕು" ಎಂದರು. ಆ ವಾಕ್ಯಕ್ಕಿಂತ ಮಧುರವಾದದ್ದನ್ನು ನಾನು ಈಚೆಗೆ ಕೇಳಿಲ್ಲ.

ಗರ್ಭಕೋಶದ ಒಳಪದರ 9 ಮಿಲಿಮೀಟರ್ ಇತ್ತು. 4 ಮೀರಬಾರದೆಂದು ಓದಿದ್ದೆ. ಆ 4 ಮುಟ್ಟು ನಿಂತು ವರ್ಷ ಕಳೆದ ಮೇಲೆ ರಕ್ತ ಕಂಡವರಿಗಂತೆ, ನನಗೆ ಅನ್ವಯಿಸುವುದಿಲ್ಲ. ಅಂಡ ಬಿಡುಗಡೆಯಾಗದ ತಿಂಗಳು ಪದರ ಬೆಳೆಯುತ್ತಲೇ ಇದ್ದು, ಮುಂದೊಂದು ದಿನ ಒಮ್ಮೆಗೇ ಸುರಿಯಬಹುದು. ಗಂಟೆಗೊಂದು ಪ್ಯಾಡ್ ಬದಲಿಸುವಷ್ಟಾದರೆ, ವಾರ ಮೀರಿ ಹೋದರೆ, ಮಧ್ಯೆ ಮಧ್ಯೆ ಕಾಣಿಸಿದರೆ ಕಾಯದೆ ಬರಬೇಕು. ಆಗ ಸಣ್ಣ ನಳಿಕೆಯಲ್ಲಿ ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ವರ್ಷ ಪೂರ್ತಿ ನಿಂತ ಮೇಲೆ ಒಂದು ಹನಿ ಕಂಡರೂ ಬರಲೇಬೇಕೆಂದು ಎರಡು ಸಲ ಹೇಳಿದರು.

ಚೀಟಿಯಲ್ಲಿ ಇನ್ನೊಂದು ಪ್ರಶ್ನೆ ಉಳಿದಿತ್ತು. ನಾದಿನಿಯ ಮನೆಯ ಗೃಹಪ್ರವೇಶ, ಹೋಮಕ್ಕೆ ನಾವೇ ಕೂರಬೇಕು. "ಡಾಕ್ಟ್ರೇ, ಮುಂದಕ್ಕೆ ಹಾಕೋ ಮಾತ್ರೆ ಬರ್ಕೊಡ್ತೀರಾ?"

ಅವರು ಪೆನ್ನು ಕೆಳಗಿಟ್ಟು ಕನ್ನಡಕ ತೆಗೆದರು. "ಮೂರು ತಿಂಗಳಿಂದ ಬಂದಿಲ್ಲ ಅಂತ ತಾನೇ ಬಂದಿದ್ದು?"

"ಹೌದು. ಆದ್ರೆ ಅವತ್ತೇ ಬಂದುಬಿಟ್ರೆ?"

ಅವರು ಬರೆದುಕೊಡಲಿಲ್ಲ. ಆ ಮಾತ್ರೆ ನಿಲ್ಲಿಸಿದ ಎರಡು ಮೂರು ದಿನಕ್ಕೆ ಅದರಿಂದಲೇ ರಕ್ತ ಕಾಣಿಸಿ ನನ್ನ ಕೆಂಪು ಸೊನ್ನೆಗಳ ಲೆಕ್ಕ ಕೆಡುತ್ತದಂತೆ. "ಹೋಮಕ್ಕೆ ನಿಮ್ಮತ್ತೇನ ಕೂರಿಸಿ" ಎಂದರು. ಅತ್ತೆಗೆ ಹೇಳಿದೆ. ಅವರು ಆಗಲೇ ಸೀರೆ ಇಸ್ತ್ರಿಗೆ ಕೊಟ್ಟಾಗಿತ್ತು.