ಆ್ಯಪ್‌ಗೆ ನಾಮಕರಣ

ಮೂರು ತಲೆಮಾರಿನಿಂದ ಅಜ್ಜನ ಹೆಸರಲ್ಲೇ ನಡೆದುಬಂದ ಸೀರೆ ಅಂಗಡಿ ಆ್ಯಪ್ ಬಿಡಲು ಹೊರಟರೆ, ಮೊದಲು ಬಾಗಿಲು ತಟ್ಟುವವರು ಬ್ರ್ಯಾಂಡ್ ಕನ್ಸಲ್ಟೆಂಟ್. ಅಜ್ಜನ ಹೆಸರು ಉದ್ದವಾಯಿತು, ಐಕಾನ್‌ನಲ್ಲಿ ಹಿಡಿಸುವುದಿಲ್ಲ, ಯುವಜನರಿಗೆ ಹಿಡಿಸುವುದೂ ಇಲ್ಲ ಎಂದು ಸ್ಲೈಡ್ ಮೇಲೆ ಸ್ಲೈಡ್ ತೋರಿಸುತ್ತಾರೆ. ಕೊನೆಗೆ ಸೀರೆಗೂ ಊರಿಗೂ ಸಂಬಂಧವಿಲ್ಲದ, ಹೇಳಿದವರಿಗೇ ಅರ್ಥವಾಗದ ಹೆಸರೊಂದು ಹುಟ್ಟುತ್ತದೆ. ಮೊಮ್ಮಗ ಚಪ್ಪಾಳೆ ತಟ್ಟುತ್ತಾನೆ. ಬಿಲ್ಲಿಗೆ ಸಹಿಯನ್ನೂ ಹಾಕುತ್ತಾನೆ.

ಇತ್ತ ಗಿರಾಕಿ ಪ್ಲೇ ಸ್ಟೋರ್‌ನಲ್ಲಿ ಹುಡುಕುವುದು ಅಜ್ಜನ ಹೆಸರನ್ನೇ. ಅಲ್ಲಿ ಮೊದಲು ಕಾಣುವುದು ಎದುರು ಅಂಗಡಿಯವರ ಜಾಹೀರಾತು. ಬೋರ್ಡು ನೋಡಿ ಪುಕ್ಕಟೆಯಾಗಿ ಒಳಬರುತ್ತಿದ್ದವರನ್ನು ಈಗ ಜಾಹೀರಾತಿಗೆ ದುಡ್ಡು ಸುರಿದು, ಮೊದಲ ಆರ್ಡರಿಗೆ ರಿಯಾಯಿತಿ ಕೊಟ್ಟು ಕರೆತರಬೇಕು.

ಅಮೆರಿಕದ ವಾಲ್‌ಮಾರ್ಟ್‌ಗೂ ಬೇರೆ ಹೆಸರಿನ ಮೋಹವಿತ್ತು. 2016ರಲ್ಲಿ ಸುಮಾರು 330 ಕೋಟಿ ಡಾಲರ್ ಕೊಟ್ಟು ಜೆಟ್ ಡಾಟ್ ಕಾಮ್ ಕೊಂಡು, ನಗರದ ಯುವಕರನ್ನು ಸೆಳೆಯಲು ಆ ಹೆಸರನ್ನು ಹಾಗೇ ಉಳಿಸಿಕೊಂಡಿತು. 2020ರಲ್ಲಿ ಅದನ್ನು ಮುಚ್ಚುವುದಾಗಿ ಹೇಳಿದಾಗ ಕೊಟ್ಟ ಕಾರಣ, ವಾಲ್‌ಮಾರ್ಟ್ ಡಾಟ್ ಕಾಮ್ ಎಂಬ ಹೆಸರೇ ಗಟ್ಟಿಯಾಗಿದೆ ಎಂಬುದು! ಜೆಟ್‌ನ ಜನ, ತಂತ್ರಜ್ಞಾನ ಕಂಪನಿಗೆ ದಕ್ಕಿದವು, ಹೆಸರು ದಕ್ಕಲಿಲ್ಲ.

ಹಾಗೆಂದು ಅಂಗಡಿಯ ಹೆಸರನ್ನೇ ಅಂಟಿಸಿಬಿಟ್ಟರೆ ಕೆಲಸ ಮುಗಿಯಿತೇ? ಆ್ಯಪ್‌ನಲ್ಲಿ ಕೊಂಡ ಸೀರೆಯ ಬಣ್ಣ ಫೋಟೋದಲ್ಲಿದ್ದಂತೆ ಇಲ್ಲವೆಂದು ಬದಲಿಸಲು ಬಂದವರಿಗೆ ಕೌಂಟರಿನಲ್ಲಿ ಸಿಗುವ ಉತ್ತರ ನೋಡಿ:

“ಅದು ಆ್ಯಪ್‌ನವರದ್ದು ಮೇಡಂ, ನಮಗೆ ಬರಲ್ಲ.”

“ಹೆಸರು ನಿಮ್ಮದೇ ಇದೆಯಲ್ಲಪ್ಪಾ?”

“ಹೆಸರು ನಮ್ದೇ, ಸ್ಟಾಕ್ ಬೇರೆ.”

ಆ ಹುಡುಗನನ್ನು ಬೈದು ಪ್ರಯೋಜನವಿಲ್ಲ. ಆ್ಯಪ್‌ನಲ್ಲಿ ಮಾರಾಟವಾದರೆ ಲೆಕ್ಕ ಆ್ಯಪ್ ತಂಡಕ್ಕೆ. ವಾಪಸ್ ಬಂದರೆ ಕಡಿತ ಈ ಮಳಿಗೆಯ ಟಾರ್ಗೆಟ್‌ನಲ್ಲಿ. ಮ್ಯಾನೇಜರ್ ಯಾಕೆ ತಗೊಂಡಾರು? ಆಯಾ ಬಡಾವಣೆಯ ಆ್ಯಪ್ ಮಾರಾಟವನ್ನೂ ಹತ್ತಿರದ ಮಳಿಗೆಯ ಲೆಕ್ಕಕ್ಕೆ ಸೇರಿಸಿದರೆ ಅದೇ ಮ್ಯಾನೇಜರ್ ಕುರ್ಚಿ ಹಾಕಿ ಕೂರಿಸುತ್ತಾರೆ. ಇದನ್ನು ಯಾವ ಲೋಗೋ ಕೂಡ ಮಾಡಿಕೊಡಲಾರದು.

ಬೇರೆ ಹೆಸರು ಸಲ್ಲುವ ಸಂದರ್ಭವೂ ಇದೆ. ಕಂಡಕಂಡ ವ್ಯಾಪಾರಿಗಳ ಮಾಲನ್ನು ಆ್ಯಪ್‌ನಲ್ಲಿ ಮಾರುವುದಾದರೆ ಅಜ್ಜನ ಮಾನವನ್ನು ಅದಕ್ಕೆ ಅಡವಿಡಬಾರದು. ಮಾಲು ನಮ್ಮದೇ ಆಗಿ ತಲುಪಿಸುವ ಕ್ರಮ ಮಾತ್ರ ಬೇರೆಯಾದರೆ, ಡಿಮಾರ್ಟ್ ತನ್ನ ಆನ್‌ಲೈನ್ ಸೇವೆಗೆ ‘ಡಿಮಾರ್ಟ್ ರೆಡಿ’ ಎಂದಿಟ್ಟಂತೆ ಮನೆ ಹೆಸರಿಗೆ ಒಂದು ಬಾಲ ಸಾಕು.

ಆದ್ದರಿಂದ ಮಾಲೀಕರೇ, ಆ್ಯಪ್‌ನಲ್ಲಿ ಕೊಂಡ ಸೀರೆಯನ್ನು ಕೌಂಟರಿನಲ್ಲಿ ಮರುಮಾತಿಲ್ಲದೆ ಬದಲಿಸಿಕೊಡುತ್ತೀರಾದರೆ ಅಂಗಡಿಯ ಹೆಸರನ್ನೇ ಇಡಿ. ಕೊಡುವುದಿಲ್ಲವಾದರೆ ಕನ್ಸಲ್ಟೆಂಟ್‌ಗೆ ಎತ್ತಿಟ್ಟ ದುಡ್ಡಿನಲ್ಲಿ ಮೊದಲು ಆ ಕೌಂಟರನ್ನು ಸರಿಮಾಡಿ.