ಲಾಗಿದೆ-ಮೀಮಾಂಸೆ: ಮೈಸೂರು ಸೀಮೆಯಲ್ಲಿ ಕರ್ತೃಲೋಪದ ಬಗ್ಗೆ ಒಂದು ಘನ ಅಧ್ಯಯನ

ಮೈಸೂರು ಸೀಮೆಯ ಜೀವವೈವಿಧ್ಯದಲ್ಲಿ ಇದುವರೆಗೆ ಯಾರೂ ಸರಿಯಾಗಿ ವರ್ಗೀಕರಿಸದ ಒಂದು ಪ್ರಾಣಿಯಿದೆ. ಅದರ ಹೆಸರು ‘ಲಾಗಿದೆ’. ಬಡಾವಣೆ ಸಂಘಗಳ ವಾರ್ಷಿಕ ವರದಿ, ಸನ್ಮಾನಪತ್ರ, ಪತ್ರಿಕಾ ಪ್ರಕಟಣೆ ಮತ್ತು ಕೆಲಸ ಹುಡುಕುವವರ ಬಯೋಡೇಟಾಗಳಲ್ಲಿ ಇದು ಹೇರಳವಾಗಿ ಕಾಣಸಿಗುತ್ತದೆ. ಲಾಯಿತು, ಲಾಗುತ್ತಿದೆ, ಲಾಗುವುದು ಇದರ ಮರಿಗಳು. ‘ಅಲ್ಪಟ್ಟಿತು’ ಎಂಬುದು ವಯಸ್ಸಾದ ದೊಡ್ಡಪ್ಪ. ಈಗ ಪಠ್ಯಪುಸ್ತಕ ಬಿಟ್ಟು ಹೊರಗೆ ಬರುವುದು ಕಡಿಮೆ. ಈ ಪ್ರಾಣಿಯ ಆಹಾರ ಒಂದೇ: ವಾಕ್ಯದ ಕರ್ತೃ.

ಶಾಸ್ತ್ರ ಚರ್ಚೆಯನ್ನು ಶಾಲೆಯಿಂದಲೇ ಶುರುಮಾಡಬೇಕು. ರಾಮನು ರಾವಣನನ್ನು ಕೊಂದನು ಎಂಬುದು ಕರ್ತರಿ ಪ್ರಯೋಗ. ರಾಮನಿಂದ ರಾವಣನು ಕೊಲ್ಲಲ್ಪಟ್ಟನು ಎಂಬುದು ಕರ್ಮಣಿ. ಇಷ್ಟನ್ನು ಬರೆದವರಿಗೆಲ್ಲ ಮೇಷ್ಟ್ರು ಅಂಕ ಕೊಟ್ಟಿದ್ದಾರೆ. ಗಮನಿಸಬೇಕಾದ್ದು, ಕರ್ಮಣಿಯಲ್ಲೂ ರಾಮ ಪೂರ್ತಿ ಕಾಣೆಯಾಗುವುದಿಲ್ಲ. ‘ಇಂದ’ ಎಂಬ ಪ್ರತ್ಯಯ ಹಿಡಿದುಕೊಂಡು ವಾಕ್ಯದ ಒಂದು ಮೂಲೆಯಲ್ಲಾದರೂ ನಿಂತಿರುತ್ತಾನೆ. ಲಾಗಿದೆಯ ಹೆಚ್ಚುಗಾರಿಕೆ ಇರುವುದು ಅದರಾಚೆ. ‘ರಾವಣನನ್ನು ಕೊಲ್ಲಲಾಗಿದೆ’ ಎಂದುಬಿಟ್ಟರೆ ವ್ಯಾಕರಣಕ್ಕೆ ಏನೂ ಕೊರತೆಯಿಲ್ಲ, ರಾಮ ಮಾತ್ರ ಇಲ್ಲ. ಇನ್ನೂ ಪಳಗಿದ ಕೈಯಾದರೆ ರಾವಣನನ್ನೂ ತೆಗೆದು, ‘ಲಂಕೆಯಲ್ಲಿ ಅಗತ್ಯ ಕ್ರಮ ಕೈಗೊಳ್ಳಲಾಗಿದೆ’ ಎಂದು ಮುಗಿಸುತ್ತದೆ. ಕೊಂದವನೂ ಇಲ್ಲ, ಸತ್ತವನೂ ಇಲ್ಲ. ಸಾಧನೆ ಮಾತ್ರ ಇದೆ. ಯಾರಾದರೂ ತಕರಾರು ತೆಗೆದರೆ ‘ಕಪಿಸೇನೆಯ ವತಿಯಿಂದ’ ಎಂದು ಸೇರಿಸಬಹುದು. ‘ವತಿ’ ಎಂಬುದು ಎಲ್ಲಿದೆ, ಅದಕ್ಕೆ ಕೈಕಾಲು ಇವೆಯೇ ಎಂಬ ಬಗ್ಗೆ ಮೀಮಾಂಸಕರಲ್ಲಿ ಒಮ್ಮತವಿಲ್ಲ.

ಈ ಪ್ರಾಣಿ ಕನ್ನಡದ ಸಾಧನಾ ಬರಹಕ್ಕೆ ಹುಟ್ಟಿನಿಂದ ಬಂದದ್ದಲ್ಲ. ಇದಕ್ಕೆ ಸಾಕ್ಷಿ ಮೈಸೂರಿಗೆ ದೂರವಲ್ಲದ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ. ಕಾಲ ಕ್ರಿ.ಶ. 949–50. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣ ಮತ್ತು ಗಂಗರ ಬೂತುಗ ಚೋಳರ ಮೇಲೆ ಯುದ್ಧ ಮಾಡಿದರು. ತಕ್ಕೋಲದಲ್ಲಿ ಚೋಳ ರಾಜಾದಿತ್ಯ ಸತ್ತ. ಬೂತುಗನ ಕಡೆಯ ವೀರ ಮಣಲೆರ ಆ ಯುದ್ಧದಲ್ಲಿ ಚೆನ್ನಾಗಿ ಕಾದಿದ. ಏನು ಬೇಕೋ ಕೇಳು ಎಂದಾಗ ಆತ ಊರು ಕೇರಿ ಕೇಳದೆ ‘ಕಾಳಿ’ ಎಂಬ ನಾಯಿಯನ್ನು ಕೇಳಿ ಪಡೆದ. ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿತ್ತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಮಣಲೆರ ಅದರ ಹೆಸರಿನಲ್ಲಿ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟ. ನಾಯಿಯೂ ಹಂದಿಯೂ ಕಾದಾಡುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಇದರಲ್ಲಿ ಯಾರು ಏನು ಮಾಡಿದರು ಎಂಬ ಬಗ್ಗೆ ಸಾವಿರ ವರ್ಷಗಳ ನಂತರವೂ ಅನುಮಾನಕ್ಕೆ ಎಡೆಯಿಲ್ಲ. ನಾಯಿಗೂ ಹೆಸರಿದೆ, ನಾಯಿಗೂ ಕ್ರಿಯಾಪದವಿದೆ. ಈ ಕಲ್ಲನ್ನೇ ಇವತ್ತಿನ ಯಾವುದಾದರೂ ಸಮಿತಿಗೆ ಒಪ್ಪಿಸಿದ್ದರೆ ಫಲಿತಾಂಶ ಹೀಗಿರುತ್ತಿತ್ತು: ‘ವರಾಹ ನಿಯಂತ್ರಣ ಕ್ಷೇತ್ರದಲ್ಲಿ ಶ್ವಾನದ ವತಿಯಿಂದ ಗಣನೀಯ ಸೇವೆ ಸಲ್ಲಿಸಲಾಗಿದ್ದು, ಈ ನಿಟ್ಟಿನಲ್ಲಿ ನಿರೀಕ್ಷಿತ ಪ್ರಗತಿ ಸಾಧಿಸಲಾಗಿದೆ.’ ಹಂದಿ ಸತ್ತಿತೋ ಓಡಿಹೋಯಿತೋ ಯಾರಿಗೂ ತಿಳಿಯುತ್ತಿರಲಿಲ್ಲ. ಲೆಕ್ಕಪರಿಶೋಧಕರು ಹಂದಿಯ ರಸೀದಿ ಕೇಳುತ್ತಿದ್ದರು.

ಇನ್ನು ಪ್ರಯೋಗಶಾಲೆಗೆ ಬರೋಣ. ಮೈಸೂರಿನ ಬಗ್ಗೆ ಬರೆದ ಅನೇಕ ಕೈಪಿಡಿಗಳಲ್ಲಿ ಕಾಣುವ ಮಾದರಿಯ ಒಂದು ವಾಕ್ಯ ಇದು: ‘1905ರಲ್ಲಿ ಮೈಸೂರಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಪತ್ತೆಹಚ್ಚಲಾಯಿತು.’ ನೋಡಲು ಸಭ್ಯವಾಗಿದೆ, ಸುಳ್ಳೂ ಅಲ್ಲ. ಆದರೆ ಲಾಯಿತು ಇಲ್ಲಿ ಮೂರು ಕರ್ತೃಗಳನ್ನು ಒಂದೇ ಏಟಿಗೆ ನುಂಗಿದೆ. ಹೊಟ್ಟೆ ಬಗೆದು ಹೊರತೆಗೆದರೆ ಸಿಗುವುದು ಇಷ್ಟು.

ತಂಜಾವೂರು ಕಡೆಯ ಪಂಡಿತರೊಬ್ಬರು ಗ್ರಂಥಲಿಪಿಯಲ್ಲಿದ್ದ ತಾಳೆಗರಿಯ ಪ್ರತಿಯನ್ನು ತಂದುಕೊಟ್ಟರು. 1891ರಲ್ಲಿ ಆರಂಭವಾಗಿದ್ದ ಮೈಸೂರಿನ ಸರ್ಕಾರಿ ಓರಿಯೆಂಟಲ್ ಲೈಬ್ರರಿ ಅದನ್ನು ಪಡೆದು ಇಟ್ಟುಕೊಂಡಿತು. ಅಲ್ಲಿ ಕೆಲಸಕ್ಕಿದ್ದ ಆರ್. ಶಾಮಶಾಸ್ತ್ರಿಗಳು ಗರಿಗಳನ್ನು ಓದಿದರು, ಅದು ಏನೆಂದು ಗುರುತಿಸಿದರು, 1905ರಿಂದ ಇಂಗ್ಲಿಷ್ ಅನುವಾದದ ಭಾಗಗಳನ್ನು ಪತ್ರಿಕೆಗಳಲ್ಲಿ ಪ್ರಕಟಿಸತೊಡಗಿದರು, 1909ರಲ್ಲಿ ಮೂಲ ಸಂಸ್ಕೃತ ಪಠ್ಯವನ್ನು ಅಚ್ಚು ಹಾಕಿಸಿದರು, 1915ರಲ್ಲಿ ಇಡೀ ಇಂಗ್ಲಿಷ್ ಅನುವಾದವನ್ನು ಹೊರತಂದರು. ಅದರಿಂದ ಏನಾಯಿತು? ಅಲ್ಲಿಯವರೆಗೆ ಬೇರೆ ಗ್ರಂಥಗಳ ಉಲ್ಲೇಖಗಳ ಮೂಲಕವಷ್ಟೇ ವಿದ್ವಾಂಸರಿಗೆ ಗೊತ್ತಿದ್ದ ಪುಸ್ತಕವನ್ನು ಯಾರು ಬೇಕಾದರೂ ತೆರೆದು ಓದುವಂತಾಯಿತು.

ಕರ್ತರಿ ಪ್ರಯೋಗದಿಂದ ಆದ ಲಾಭವನ್ನು ನೋಡಿ. ಮೊದಲನೆಯದಾಗಿ, ‘ಪತ್ತೆ’ ಎಂಬ ಒಂದು ಮಬ್ಬು ಕ್ರಿಯೆ ತರುವುದು, ಇಟ್ಟುಕೊಳ್ಳುವುದು, ಓದುವುದು, ಗುರುತಿಸುವುದು, ಅಚ್ಚು ಹಾಕಿಸುವುದು ಎಂಬ ಬೇರೆ ಬೇರೆ ಕೆಲಸಗಳಾಗಿ ಒಡೆಯಿತು. 1905 ಎಂಬ ಒಂದು ವರ್ಷ ಹತ್ತು ವರ್ಷಗಳ ದುಡಿಮೆಯಾಗಿ ಉದ್ದವಾಯಿತು. ಎರಡನೆಯದು ಇದಕ್ಕಿಂತ ಮುಖ್ಯ. ತಂದುಕೊಟ್ಟ ಪಂಡಿತರಿಗೆ ಈ ಕಥೆಯಲ್ಲಿ ಹೆಸರೇ ಇಲ್ಲ ಎಂಬುದು ಈಗ ಎದ್ದು ಕಾಣುತ್ತದೆ. ‘ಪತ್ತೆಹಚ್ಚಲಾಯಿತು’ ಎಂದಿದ್ದಾಗ ಆ ಖಾಲಿ ಜಾಗ ಇದ್ದದ್ದೇ ತಿಳಿಯುತ್ತಿರಲಿಲ್ಲ. ಕರ್ತರಿ ವಾಕ್ಯ ಕರ್ತೃವಿಗೊಂದು ಪೀಠ ಹಾಕುತ್ತದೆ. ಪೀಠ ಖಾಲಿಯಿದ್ದರೆ ಕೂರಬೇಕಾದವರು ಯಾರು ಎಂದು ಓದುಗ ಕೇಳುತ್ತಾನೆ.

ಇಲ್ಲಿ ಪೂರ್ವಪಕ್ಷದವರು ಎದ್ದು ನಿಲ್ಲುತ್ತಾರೆ. ‘ಲಾಗಿದೆ ಬಿಟ್ಟರೆ ನಾನು, ನಾನು ಎನ್ನಬೇಕಾಗುತ್ತದೆ. ಅದು ಅಹಂಕಾರ. ನಮ್ಮದು ವಿನಯದ ಊರು.’ ಆಕ್ಷೇಪ ಮೈಸೂರಿನದು, ಆದ್ದರಿಂದ ಕಾಫಿ ಕೊಟ್ಟು ಉತ್ತರಿಸಬೇಕು. ಕನ್ನಡದ ಕ್ರಿಯಾಪದ ತನ್ನ ಕರ್ತೃವನ್ನು ಬಾಲದಲ್ಲೇ ಕಟ್ಟಿಕೊಂಡು ಓಡಾಡುತ್ತದೆ. ಮಾಡಿದ್ದೇನೆ ಎಂದರೆ ನಾನು, ಮಾಡಿದ್ದೇವೆ ಎಂದರೆ ನಾವು, ಮಾಡಿದ್ದಾರೆ ಎಂದರೆ ಅವರು. ‘ನಾನು’ ಎಂದು ಎದೆ ತಟ್ಟಿಕೊಳ್ಳದೆಯೇ ಲೆಕ್ಕ ಒಪ್ಪಿಸುವ ಸೌಕರ್ಯ ಈ ಭಾಷೆಯಲ್ಲಿ ಮೊದಲಿನಿಂದಲೂ ಇದೆ. ಒಂದೇ ಎಚ್ಚರಿಕೆ: ಬರೀ ‘ಮಾಡಿದೆ’ ಎಂದರೆ ನಾನು ಮಾಡಿದೆ ಎಂದೂ ಆಗುತ್ತದೆ, ಸಂಸ್ಥೆ ಮಾಡಿದೆ ಎಂದೂ ಆಗುತ್ತದೆ. ಬಯೋಡೇಟಾದಲ್ಲಿ ‘ಮಾಡಿದ್ದೇನೆ’ ಎಂದು ಬರೆದರೆ ಗೊಂದಲವಿಲ್ಲ.

ಬಯೋಡೇಟಾದ ಮಾತು ಬಂದಿದ್ದರಿಂದ ಒಂದು ಕಲ್ಪಿತ ಮಾದರಿಯನ್ನು ಕೊಯ್ದು ನೋಡಬಹುದು. ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರ ಸ್ಟೋರ್‌ನಲ್ಲಿ ಎರಡು ವರ್ಷ ದುಡಿದ ಹುಡುಗಿ ಬರೆಯುತ್ತಾಳೆ: ‘ಉಗ್ರಾಣ ನಿರ್ವಹಣೆಯಲ್ಲಿ ಗಣನೀಯ ಸುಧಾರಣೆ ತರಲಾಯಿತು.’ ಸಂದರ್ಶಕರು ಇದನ್ನು ಓದಿ ಮುಂದಿನ ಹಾಳೆ ತಿರುಗಿಸುತ್ತಾರೆ. ಅವರ ತಪ್ಪಿಲ್ಲ, ಮುಂದಿನ ಹಾಳೆಯಲ್ಲೂ ಇದೇ ವಾಕ್ಯವಿದೆ.

ಅವಳನ್ನೇ ಕೂರಿಸಿ ಕೇಳಬೇಕು. ಏನು ಮಾಡಿದೆಯಮ್ಮ? ‘ಕಪಾಟುಗಳಿಗೆಲ್ಲ ನಂಬರ್ ಬರೆದು ಅಂಟಿಸಿದೆ ಸಾರ್, ಯಾವ ಸಾಮಾನು ಎಲ್ಲಿದೆ ಅಂತ ಒಂದು ಪಟ್ಟಿ ಮಾಡಿದೆ.’ ಮೊದಲು ಹೇಗಿತ್ತು? ‘ಒಂದು ಬೇರಿಂಗ್ ಹುಡುಕೋಕೆ ಅರ್ಧ ಗಂಟೆ ಆಗ್ತಿತ್ತು.’ ಈಗ? ‘ಐದು ನಿಮಿಷ.’ ಒಬ್ಬಳೇ ಮಾಡಿದೆಯಾ? ‘ಪಟ್ಟಿ ನಾನೇ ಮಾಡಿದ್ದು, ನಂಬರ್ ಅಂಟಿಸೋಕೆ ಇನ್ನಿಬ್ಬರು ಸೇರ್ಕೊಂಡ್ರು.’ ಇಷ್ಟರಲ್ಲಿ ವಾಕ್ಯ ಸಿದ್ಧವಾಯಿತು: ‘ಸ್ಟೋರ್‌ನ ಸಾಮಾನುಗಳಿಗೆಲ್ಲ ಸ್ಥಳಪಟ್ಟಿ ತಯಾರಿಸಿದ್ದೇನೆ, ಇಬ್ಬರು ಸಹೋದ್ಯೋಗಿಗಳ ಜೊತೆ ಕಪಾಟುಗಳಿಗೆ ಸಂಖ್ಯೆ ಅಂಟಿಸಿದ್ದೇನೆ. ಒಂದು ಬಿಡಿಭಾಗ ಹುಡುಕಲು ಅರ್ಧ ಗಂಟೆ ಹಿಡಿಯುತ್ತಿದ್ದುದು ಐದು ನಿಮಿಷಕ್ಕೆ ಇಳಿದಿದೆ.’ ‘ಗಣನೀಯ’ ಎಂಬ ಪದ ತಾನಾಗಿಯೇ ರಾಜೀನಾಮೆ ಕೊಟ್ಟಿತು, ಏಕೆಂದರೆ ಈಗ ಗಣಿಸಲು ಏನೋ ಸಿಕ್ಕಿದೆ.

ಗಡಿಯಾರ ಹಿಡಿದು ಅಳೆದಿರದಿದ್ದರೆ? ಅಳೆಯದ ಅಂಕಿಯನ್ನು ಬರೆಯುವುದು ಲಾಗಿದೆಗಿಂತ ಕೆಟ್ಟ ರೋಗ. ಸಂದರ್ಶನದಲ್ಲಿ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತದೆ. ಆಗ ಕಣ್ಣಿಗೆ ಕಂಡ ಬದಲಾವಣೆಯನ್ನೇ ಬರೆದರೆ ಸಾಕು: ‘ರಾತ್ರಿ ಪಾಳಿಯವರು ಸಾಮಾನು ಹುಡುಕಲು ಮನೆಗೆ ಫೋನ್ ಮಾಡುವುದು ನಿಂತಿದೆ.’ ಅಂಕಿಯಿಲ್ಲದಿದ್ದರೂ ಇದು ಗಟ್ಟಿ ಫಲ.

ಆದರೆ ಕರ್ತರಿಗೆ ಅದರದೇ ಆದ ಪಾಪವೂ ಉಂಟು. ‘ವಿಶ್ವೇಶ್ವರಯ್ಯನವರು ಕನ್ನಂಬಾಡಿ ಕಟ್ಟೆ ಕಟ್ಟಿದರು’ ಎಂಬುದು ಮೈಸೂರಿನ ಮಕ್ಕಳಿಗೂ ಬರುವ ಶುದ್ಧ ಕರ್ತರಿ ವಾಕ್ಯ. ಅವರು 1909ರಲ್ಲಿ ಮುಖ್ಯ ಎಂಜಿನಿಯರ್ ಆದರು, ಯೋಜನೆ ರೂಪಿಸಿದರು, ಹಣದ ವಿಷಯದಲ್ಲಿ ಹಿಂಜರಿದವರನ್ನು ಒಪ್ಪಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರು ಅನುಮತಿ ಕೊಟ್ಟರು. 1911ರಲ್ಲಿ ಕೆಲಸ ಶುರುವಾಯಿತು. ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟದ್ದು 1918ರಲ್ಲಿ, ಅಣೆಕಟ್ಟು ಪೂರ್ತಿಯಾದದ್ದು 1930ರ ದಶಕದ ಆರಂಭದಲ್ಲಿ. ನಡುವಿನ ವರ್ಷಗಳಲ್ಲಿ ಸುರ್ಕಿ ಗಾರೆ ಕಲಸಿದವರು, ಕಲ್ಲು ಹೊತ್ತವರು ಸಾವಿರಾರು ಜನ. ಹಳೆಯ ಕನ್ನಂಬಾಡಿಯವರು ಊರನ್ನೇ ಬಿಟ್ಟುಕೊಟ್ಟರು. ಹೀಗಾಗಿ ‘ಕಟ್ಟಲಾಯಿತು’ ಎಂಬುದು ಎಲ್ಲರನ್ನೂ ಮರೆಸಿದರೆ, ‘ಕಟ್ಟಿದರು’ ಎಂಬುದು ಒಬ್ಬರನ್ನು ಬಿಟ್ಟು ಉಳಿದವರನ್ನು ಮರೆಸುತ್ತದೆ. ಒಬ್ಬೊಬ್ಬರಿಗೂ ಅವರವರ ಅಳತೆಯ ಕ್ರಿಯಾಪದ ಕೊಡುವುದೇ ಶಾಸ್ತ್ರಸಮ್ಮತ ಪರಿಹಾರ: ರೂಪಿಸಿದರು, ಒಪ್ಪಿದರು, ಹೊತ್ತರು, ಬಿಟ್ಟುಕೊಟ್ಟರು.

ಫಲವನ್ನು ಹೇಳುವುದರಲ್ಲಿ ಮಾತ್ರ ಕನ್ನಂಬಾಡಿಯನ್ನು ಮೀರಿಸಿದ್ದು ಯಾವುದೂ ಇಲ್ಲ. ಮಳೆಗಾಲದಲ್ಲಿ ಮೈಸೂರಿನ ಪತ್ರಿಕೆಗಳು ‘ಜಲಾಶಯದಲ್ಲಿ ತೃಪ್ತಿಕರ ಪ್ರಗತಿ ಸಾಧಿಸಲಾಗಿದೆ’ ಎಂದು ಅಚ್ಚು ಹಾಕಿದರೆ ಮಂಡ್ಯದ ರೈತರು ಪತ್ರಿಕೆ ತರಿಸುವುದನ್ನೇ ನಿಲ್ಲಿಸುತ್ತಾರೆ. ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು: ನಾಲ್ಕು ಅಂಕಿಗಳಲ್ಲಿ ಊರಿಗೆ ಊರೇ ನಾಟಿಯ ನಿರ್ಧಾರ ಮಾಡುತ್ತದೆ.

ಲಾಗಿದೆಯನ್ನು ಬೇರುಸಹಿತ ಕಿತ್ತುಹಾಕಬೇಕೆಂದು ಈ ಪ್ರಬಂಧ ವಾದಿಸುವುದಿಲ್ಲ. ‘ಧೂಮಪಾನ ನಿಷೇಧಿಸಲಾಗಿದೆ’ ಎಂಬ ಫಲಕದಲ್ಲಿ ನಿಷೇಧಿಸಿದವರ ಹೆಸರು ಯಾರಿಗೂ ಬೇಕಿಲ್ಲ. ‘ಪರೀಕ್ಷೆ ಮುಂದೂಡಲಾಗಿದೆ’ ಎಂಬುದರಲ್ಲಿ ಮುಖ್ಯವಾದದ್ದು ಪರೀಕ್ಷೆ. ಸೈಕಲ್ ಕದ್ದವನು ಯಾರೆಂದು ತಿಳಿಯದಿದ್ದಾಗ ದೂರಿನಲ್ಲಿ ಕರ್ತೃ ಇರುವುದು ಸಾಧ್ಯವೇ ಇಲ್ಲ. ಸೂಚನೆ, ನಿಷೇಧ, ಕಳ್ಳತನ ಈ ಮೂರು ಕ್ಷೇತ್ರಗಳಲ್ಲಿ ಅದು ನಿರಾತಂಕವಾಗಿ ಮೇಯಲಿ.

ಸಾಧನೆಯ ವಾಕ್ಯಕ್ಕೆ ಅದನ್ನು ಬಿಡಬಾರದು. ಈ ವರ್ಷ ‘ಉದ್ಯಾನದ ಅಭಿವೃದ್ಧಿಗೆ ವಿಶೇಷ ಒತ್ತು ನೀಡಲಾಗಿದೆ’ ಎಂದು ಬರೆಯಲು ಪೆನ್ನು ಹಿಡಿದಿರುವ ಬಡಾವಣೆ ಸಂಘದ ಕಾರ್ಯದರ್ಶಿಗಳು ದಯವಿಟ್ಟು ಒಮ್ಮೆ ಉದ್ಯಾನಕ್ಕೆ ಹೋಗಿ, ಎಷ್ಟು ಸಸಿ ನೆಟ್ಟಿರಿ, ಅದರಲ್ಲಿ ಎಷ್ಟು ಬದುಕಿವೆ ಎಂದು ಮಾಲಿಯನ್ನು ಕೇಳಿ, ಅವರ ಉತ್ತರವನ್ನು ಅವರ ಹೆಸರಿನ ಸಮೇತ ವರದಿಯಲ್ಲಿ ಹಾಕಬೇಕಾಗಿ ವಿನಂತಿ.